ಮೂರನೇ ಟೋಳಿಯ ಗುಣಾಂಕ

ನಾನು ನಿಂತಿದ್ದುದು ಮ್ಯಾನೇಜರರ ಮೇಜಿನ ಎಡಗಡೆ, ಕಿಟಕಿಗೆ ಬೆನ್ನು ಮಾಡಿಕೊಂಡು. ಬುಧವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ತೊಂಬತ್ತರ ದಶಕದ ನಡುವಿನ ಒಂದು ಸೆಪ್ಟೆಂಬರ್. ಜಾಗ, ಠಾಣೆ-ಬೇಲಾಪುರ ರಸ್ತೆಯಲ್ಲಿ ಕಳವಾ ದಾಟಿ ಐರೋಲಿಯ ಕಡೆಗೆ ಹೋಗುವಾಗ ಎಡಕ್ಕೆ ಸಿಗುತ್ತಿದ್ದ ಒಂದು ಗೋದಾಮಿನ ಮೇಲ್ಮಹಡಿ. ಔಷಧಿ ತುಂಬುವ ಗಾಜಿನ ಸೀಸೆಗಳು ಲಾರಿಗಳಲ್ಲಿ ಅಲ್ಲಿಗೆ ಬರುತ್ತಿದ್ದವು. ನನ್ನ ಕೈಯಲ್ಲಿ ಎರಡೂ ಅಂಚಿಗೆ ತೂತುಗಳಿದ್ದ ಕಂಪ್ಯೂಟರ್ ಕಾಗದದ ಒಂದು ಹಾಳೆ ಇತ್ತು. ಕೋಣೆಯಲ್ಲಿ ನನ್ನನ್ನೂ ಸೇರಿಸಿ ನಾಲ್ಕು ಜನ. ಮ್ಯಾನೇಜರ್ ಕುರ್ಚಿಯಲ್ಲಿದ್ದರು. ಟೈಪಿಸ್ಟ್ ಹುಡುಗಿ ಮೂಲೆಯ ಮೇಜಿನಲ್ಲಿದ್ದಳು. ಮೂರನೇ ಟೋಳಿಯ ಮುಕಾದಮರು ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ ನಿಂತಿದ್ದರು, ಚಪ್ಪಲಿಯನ್ನು ಹೊರಗೆ ಬಿಟ್ಟು.

ಟೋಳಿ ಎಂದರೆ ಹಮಾಲರ ಗುಂಪು. ನಮ್ಮಲ್ಲಿ ಮೂರು ಟೋಳಿಗಳಿದ್ದವು. ಒಂದನೆಯದರಲ್ಲೂ ಎರಡನೆಯದರಲ್ಲೂ ಕಲ್ಯಾಣ, ಡೊಂಬಿವಲಿ ಕಡೆಯಿಂದ ಬರುವವರು. ಮೂರನೆಯದರಲ್ಲಿ ಕಲಬುರಗಿ ಜಿಲ್ಲೆಯಿಂದ ಬಂದು ಕಳವಾದಲ್ಲಿ ನೆಲೆಸಿದ್ದ ಹನ್ನೊಂದು ಜನ. ಅವರ ಹಿರಿಯರೂ ಮೇಸ್ತ್ರಿಯೂ ಆದವರೇ ಮುಕಾದಮರು. ಐವತ್ತು ದಾಟಿದವರು. ಆ ಬುಧವಾರ ತೀರ್ಮಾನವಾಗಬೇಕಿದ್ದುದು ಈ ಹನ್ನೊಂದು ಜನರು ಇರಬೇಕೇ ಹೋಗಬೇಕೇ ಎಂಬುದು.

ಅಲ್ಲಿಗೆ ಬಂದದ್ದು ಹೇಗೆ ಎಂದು ಹೇಳುತ್ತೇನೆ. ಸೀಸೆ ಒಡೆಯುವುದು ಹೆಚ್ಚಾಗಿದೆ, ಒಂದು ಟೋಳಿಯನ್ನು ತೆಗೆದು ಆ ಕೆಲಸವನ್ನು ಗುತ್ತಿಗೆದಾರನಿಗೆ ಕೊಡಿ ಎಂದು ಮುಖ್ಯ ಕಚೇರಿಯಿಂದ ಮಾತು ಬಂದಿತ್ತು. ಯಾವ ಟೋಳಿ ಎಂದು ಹೇಳಿರಲಿಲ್ಲ. ಮ್ಯಾನೇಜರ್ ಒಂದು ದಿನ ಊಟದ ಹೊತ್ತಿನಲ್ಲಿ, "ಚೀಟಿ ಎತ್ತೋಣ, ಮತ್ತೇನು" ಎಂದರು. ತಮಾಷೆಗೆ ಹೇಳಿದರೋ ನಿಜಕ್ಕೋ ನನಗೆ ತಿಳಿಯಲಿಲ್ಲ. ನಾನು ಆ ಗೋದಾಮಿನಲ್ಲಿ ಸ್ಟೋರ್ಸ್ ಗುಮಾಸ್ತ. ವಾರಕ್ಕೆ ಎರಡು ಸಂಜೆ ಠಾಣೆಯ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಸರ್ಟಿಫಿಕೇಟ್ ತರಗತಿಗೆ ಹೋಗುತ್ತಿದ್ದೆ. ಚೀಟಿಯ ಮಾತು ಕೇಳಿ ನನಗೆ ನಿಜವಾಗಿಯೂ ಬೇಸರವಾಗಿತ್ತು. "ಗೇಟಿನ ರಿಜಿಸ್ಟರ್ ಇದೆಯಲ್ಲ ಸರ್, ಲೆಕ್ಕ ಹಾಕಿಯೇ ನೋಡಬಹುದು" ಎಂದೆ. ನ್ಯಾಯಕ್ಕಾಗಿ ಹೇಳಿದ್ದೆ. ಅದನ್ನು ಇಲ್ಲಿ ಬರೆಯುವುದು ನನ್ನ ಪರವಾಗಿ ಅಲ್ಲ. ಹಾಗೆ ಹೇಳಿದ್ದು ಹೌದು ಎಂಬುದಕ್ಕೆ ಮಾತ್ರ.

ತರಗತಿಯಲ್ಲಿ ಆ ವಾರ ಮೂರು ಹಾಳೆಯ ಒಂದು ಕರಪತ್ರ ಕೊಟ್ಟಿದ್ದರು. ಒಂದು ಬಸ್ ಡಿಪೋದ ಡೀಸೆಲ್ ಬಳಕೆಯ ಉದಾಹರಣೆ. ಪಾಠ ಹೇಳುತ್ತಿದ್ದ ಮೇಡಂ ಅದನ್ನು ತಾವೇ ಟೈಪ್ ಮಾಡಿ ಜೆರಾಕ್ಸ್ ಮಾಡಿಸಿದ್ದರು. ಮೊದಲ ಹಾಳೆಯಲ್ಲಿ ಕಂಪ್ಯೂಟರ್ ಕೊಟ್ಟ ಕೋಷ್ಟಕ. ಒಂದು ಸ್ಥಿರಾಂಕ, ಅದರ ಕೆಳಗೆ ನಾಲ್ಕು ಸಾಲು: ಓಡಿದ ಕಿಲೋಮೀಟರ್, ಬಸ್ಸಿನ ವಯಸ್ಸು, ಮಳೆಗಾಲ, ಘಟ್ಟದ ರಸ್ತೆ. ಪ್ರತಿ ಸಾಲಿನ ಎದುರು ನಾಲ್ಕು ಅಂಕಿ. ಎರಡನೇ ಹಾಳೆಯಲ್ಲಿ ಆ ಅಂಕಿಗಳನ್ನು ಓದುವ ಬಗೆ. ಮೂರನೆಯದರಲ್ಲಿ ಅವು ಏನನ್ನು ಸಾಬೀತು ಮಾಡುವುದಿಲ್ಲ ಎಂಬುದು. ನಾನು ಮೂರನ್ನೂ ಓದಿದ್ದೆ. ಡೊಂಬಿವಲಿಯ ಮನೆಯಿಂದ ಬರುವಾಗ ರೈಲಿನಲ್ಲಿ ನಿಂತುಕೊಂಡೇ ಓದಿದ್ದೆ.

ಗೇಟಿನ ರಿಜಿಸ್ಟರಿನಲ್ಲಿ ಆರು ಕಾಲಂ ಇದ್ದವು: ತಾರೀಖು, ಲಾರಿಯ ನಂಬರು, ಬಂದ ಹೊತ್ತು, ಪೆಟ್ಟಿಗೆಗಳ ಸಂಖ್ಯೆ, ಇಳಿಸಿದ ಟೋಳಿ, ಒಡೆದ ಸೀಸೆ. ಒಡೆದದ್ದನ್ನು ಎಣಿಸುತ್ತಿದ್ದುದು ಮರುದಿನ ಬೆಳಿಗ್ಗೆ ಪೆಟ್ಟಿಗೆ ಬಿಚ್ಚಿದಾಗ. ಹಾಗಾಗಿ ಒಂದು ಸೀಸೆ ಇಳಿಸುವಾಗ ಒಡೆಯಿತೋ ದಾರಿಯಲ್ಲೇ ಒಡೆದಿತ್ತೋ ರಿಜಿಸ್ಟರಿಗೆ ಗೊತ್ತಿಲ್ಲ. ನಾನು ನೂರಿಪ್ಪತ್ತು ಲಾರಿಗಳ ವಿವರ ಬರೆದುಕೊಂಡೆ. ಕರಪತ್ರದಲ್ಲಿ ನಾಲ್ಕು ಸಾಲು ಇದ್ದುದರಿಂದ ನನ್ನ ಕೋಷ್ಟಕಕ್ಕೂ ನಾಲ್ಕೇ ಸಾಲು ಇಟ್ಟೆ. ಪಕ್ಕದಲ್ಲಿ ಕರಪತ್ರವನ್ನಿಟ್ಟುಕೊಂಡು ಸಾಲಿಗೆ ಸಾಲು ಓದಲು ಅನುಕೂಲ ಎಂದು. ಪೆಟ್ಟಿಗೆಗಳು, ಮಳೆಗಾಲ, ಎರಡನೇ ಟೋಳಿ, ಮೂರನೇ ಟೋಳಿ. ಲಾರಿ ಬಂದ ಹೊತ್ತಿನ ಕಾಲಂ ಸೇರಿಸಿದ್ದರೆ ಅದು ಐದನೇ ಸಾಲಾಗುತ್ತಿತ್ತು. ಅದನ್ನು ಬಿಟ್ಟೆ. ಬೇರೆ ಯಾವ ಕಾರಣವೂ ಇರಲಿಲ್ಲ. ಕಾಲೇಜಿನ ಕಂಪ್ಯೂಟರಿನಲ್ಲಿ ಅಂಕಿಗಳನ್ನು ನಾನೇ ತುಂಬಿಸಿ ಪ್ರಿಂಟ್ ತೆಗೆದೆ. ಆ ದಿನ ಮೇಡಂ ಬಂದಿರಲಿಲ್ಲ.

ಬುಧವಾರ ಮ್ಯಾನೇಜರ್ ಮೊದಲು ತಮಗೆ ವಿವರಿಸು ಎಂದರು. ಅವರು ಪುಣೆ ಕಡೆಯವರು. ನಾವು ಮಾತಾಡುತ್ತಿದ್ದುದು ಹಿಂದಿಯಲ್ಲಿ. ನಾನು ಮೂರನೇ ಟೋಳಿಯ ಸಾಲಿನ ಮೇಲೆ ಬೆರಳಿಟ್ಟೆ.

"ಗುಣಾಂಕ ನಾಲ್ಕು ಪಾಯಿಂಟ್ ಒಂದು ಸರ್. ಅಂದರೆ ಪೆಟ್ಟಿಗೆ ಅಷ್ಟೇ ಇದ್ದು, ಕಾಲವೂ ಒಂದೇ ಆಗಿದ್ದರೆ, ಒಂದನೇ ಟೋಳಿ ಇಳಿಸಿದ ಲಾರಿಗಿಂತ ಮೂರನೆಯದು ಇಳಿಸಿದ್ದರಲ್ಲಿ ಸರಾಸರಿ ನಾಲ್ಕು ಸೀಸೆ ಹೆಚ್ಚು ಒಡೆದಿವೆ."

"ಎರಡನೇ ಟೋಳಿ?"

"ಸೊನ್ನೆ ಪಾಯಿಂಟ್ ನಾಲ್ಕು ಐದು. ಅದರ ಪಕ್ಕದ ದೋಷದ ಅಂಕಿಯೇ, ಅಂದರೆ ಲೆಕ್ಕ ಎಷ್ಟು ಅತ್ತಿತ್ತ ಆಗಬಹುದು ಎಂಬುದೇ, ಒಂದು ಪಾಯಿಂಟ್ ನಾಲ್ಕು. ಅದು ಏನೂ ಹೇಳುವುದಿಲ್ಲ."

"ಮೂರನೆಯದಕ್ಕೆ ಈ ದೋಷ ಎಷ್ಟು?"

"ಒಂದು ಪಾಯಿಂಟ್ ನಾಲ್ಕು ಎರಡು. ನಾಲ್ಕು ಪಾಯಿಂಟ್ ಒಂದನ್ನು ಅದರಿಂದ ಭಾಗಿಸಿದರೆ ಎರಡು ಪಾಯಿಂಟ್ ಎಂಟು ಒಂಬತ್ತು. ಕೊನೆಯ ಅಂಕಿ ಪಿ. ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ ಐದು. ನೂರಕ್ಕೆ ಐದರ ಮಟ್ಟ ಬಿಡಿ, ನೂರಕ್ಕೆ ಒಂದರ ಮಟ್ಟದಲ್ಲೂ ಸಾರ್ಥಕ ಅನ್ನುತ್ತಾರೆ ಇದನ್ನು."

"ಅಂದರೆ ಸಾವಿರಕ್ಕೆ ಒಂಬೈನೂರ ತೊಂಬತ್ತೈದು ಪಾಲು ಇವರೇ ಒಡೆಯುವುದು. ಅಷ್ಟೇ, ಮುಗಿಯಿತು."

ಅದು ತಪ್ಪು ಎಂದು ನನಗೆ ಆ ಕ್ಷಣದಲ್ಲೇ ಗೊತ್ತಿತ್ತು. ಎರಡು ಟೋಳಿಗಳ ನಡುವೆ ನಿಜದಲ್ಲಿ ಏನೂ ವ್ಯತ್ಯಾಸ ಇಲ್ಲದಿದ್ದರೂ, ಬರೇ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಕಾಣಿಸುವ ಸಾಧ್ಯತೆ ಸಾವಿರಕ್ಕೆ ಐದು. ಪಿ ಎಂದರೆ ಅಷ್ಟೇ. ಅದೂ ಕೋಷ್ಟಕದಲ್ಲಿ ಇರಬೇಕಾದದ್ದೆಲ್ಲ ಇದ್ದರೆ. ಟೋಳಿ ತಪ್ಪಿತಸ್ಥ ಎನ್ನುವ ಸಾಧ್ಯತೆ ಅದಲ್ಲ. ಮೂರನೇ ಹಾಳೆಯ ಮೊದಲ ಸಾಲೇ ಇದು. ನಾನು, "ಹಾಗಲ್ಲ ಸರ್, ಸ್ವಲ್ಪ ಬೇರೆ" ಎಂದೆ. ಅವರು ಆಗಲೇ ಬೆಲ್ ಒತ್ತಿ ಮುಕಾದಮರನ್ನು ಕರೆಸಲು ಹೇಳಿದ್ದರು.

ಮುಕಾದಮರಿಗೆ ಹಿಂದಿ ಚೆನ್ನಾಗಿಯೇ ಬರುತ್ತಿತ್ತು. ಮ್ಯಾನೇಜರ್ ಹೇಳಿದ್ದನ್ನೆಲ್ಲ ಹಿಂದಿಯಲ್ಲಿ ಕೇಳಿಸಿಕೊಂಡರು. "ಕಂಪ್ಯೂಟರ್ ಹೇಳಿದೆ" ಎಂಬ ಮಾತು ಬಂದಾಗ ನನ್ನ ಕಡೆ ತಿರುಗಿದರು. ಹಾಳೆ ನನ್ನ ಕೈಯಲ್ಲಿತ್ತಲ್ಲ. ಕನ್ನಡದಲ್ಲಿ ಕೇಳಿದರು.

"ಇದು ನೀವ ಮಾಡೀರಿ ಏನ್ರಿ, ಸಾಹೇಬ್ರ?"

"ಹೌದು."

"ಹಂಗಾರ ನಂಗ ತಿಳಿಸಿ ಹೇಳ್ರಿ. ನಂಗ ಓದಾಕ ಬರಂಗಿಲ್ಲ. ಕೇಳಾಕ ಬರ್ತದ."

ನಾನು ಮ್ಯಾನೇಜರರಿಗೆ ಹೇಳಿದ್ದನ್ನೇ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿದರು.

"ನಮ್ಮ ಹನ್ನೊಂದ ಮಂದ್ಯಾಗ ಯಾರ ಕೈಯಾಗ ಒಡದಾವ ಅಂತ ಇದ್ರಾಗ ಅದ ಏನ್ರಿ?"

"ಇಲ್ಲ. ಟೋಳಿಯ ಸರಾಸರಿ ಮಾತ್ರ."

"ಗಾಡ್ಯಾಗ ಬರೂಮುಂದನ ಒಡದಾವೋ, ನಾವ್ ಇಳಸೂಮುಂದ ಒಡದಾವೋ, ಅದು?"

"ಅದೂ ಇಲ್ಲ."

"ಮತ್ತ ಏನದ್ರಿ ಇದ್ರಾಗ? ಇಷ್ಟ್ ದೊಡ್ಡ ಕಾಗದ!" ಎಂದು ನಕ್ಕರು. ಮ್ಯಾನೇಜರರೂ ಅರ್ಥವಾಗದೆ ಸ್ವಲ್ಪ ನಕ್ಕರು. ಆಮೇಲೆ ಮುಕಾದಮರು ನಗು ನಿಲ್ಲಿಸಿ ಒಂದು ಮಾತು ಹೇಳಿದರು. ಅದನ್ನು ಅವರು ಹೇಳಿದ ಹಾಗೆಯೇ ಬರೆಯುತ್ತೇನೆ.

"ನಾಕರ ಮ್ಯಾಲ ಬರೂ ಗಾಡಿ ಎಲ್ಲಾ ನಾವ ಇಳಸ್ತೀವ್ರಿ. ಅವರಿಗಿ ಲೋಕಲ್ ಹಿಡೀಬೇಕಾಗ್ತದ, ಓಡ್ತಾರ. ನಾವು ಕಳವಾಕ ನಡಕೊಂತ ಹೋಗಾವ್ರು. ಘಟ್ಟ ಇಳದು ಬರೂ ಗಾಡಿ ನಾಕರ ಮ್ಯಾಲನ ಬರ್ತಾವ. ಪೆಟಿಗಿ ಮುಟ್ಟಿದ್ರ ಒಳಗ ಗಿಲಿಗಿಲಿ ಅಂತಾವ್ರಿ, ಇಳಸೂದಕ್ಕಿಂತ ಮೊದಲ."

ಕಲ್ಯಾಣ, ಡೊಂಬಿವಲಿಯವರು ಬಸ್ಸಿನಲ್ಲಿ ಠಾಣೆಗೆ ಹೋಗಿ ಲೋಕಲ್ ರೈಲು ಹಿಡಿಯಬೇಕು. ಜನರ ಗರ್ದಿ, ನೂಕುನುಗ್ಗಲು ಏರುವ ಮೊದಲು ಹೊರಡಬೇಕು. ಆದ್ದರಿಂದ ನಾಲ್ಕರ ನಂತರದ ಲಾರಿ ಮೂರನೇ ಟೋಳಿಗೆ. ಯಾರೂ ಹಾಗೆ ಆದೇಶ ಮಾಡಿರಲಿಲ್ಲ. ಟೋಳಿಗಳು ತಮ್ಮೊಳಗೇ ಮಾಡಿಕೊಂಡ ಏರ್ಪಾಡು. ವರ್ಷಗಳಿಂದ ನಡೆದುಕೊಂಡು ಬಂದದ್ದು. ನಾನೂ ದಿನಾ ಅದೇ ಬಸ್ಸಿಗೆ ಓಡುತ್ತಿದ್ದವನು. ನನ್ನ ಬಸ್ಸಿನಲ್ಲಿ ಒಂದನೇ ಟೋಳಿಯವರೂ ಎರಡನೇ ಟೋಳಿಯವರೂ ಇರುತ್ತಿದ್ದರು. ಮೂರನೆಯವರು ಇರುತ್ತಿರಲಿಲ್ಲ. ಇದನ್ನು ನಾನು ದಿನವೂ ಕಂಡಿದ್ದೆ.

"ಕ್ಯಾ ಬೋಲ್ತಾ ಹೈ?" ಎಂದು ಮ್ಯಾನೇಜರ್ ನನ್ನನ್ನು ಕೇಳಿದರು.

ನನ್ನ ಉತ್ತರ ಹೀಗಿತ್ತು: "ತಾವು ಒಡೆದಿಲ್ಲ ಅನ್ನುತ್ತಾರೆ ಸರ್."

ಅಷ್ಟೇ ಹೇಳಿದೆ. ಯಾಕೆ ಅಷ್ಟೇ ಹೇಳಿದೆ ಎಂದು ಹಲವು ಸಲ ಯೋಚಿಸಿದ್ದೇನೆ. ಹೆದರಿಕೆ ಎನ್ನಲಾರೆ. ನಾನು ಬಿಟ್ಟಿದ್ದ ಆ ಹೊತ್ತಿನ ಕಾಲಂ ಕಣ್ಣೆದುರು ಬಂದು ನಿಂತಿತ್ತು, ನೀಲಿ ಶಾಯಿಯಲ್ಲಿ ಗೇಟಿನವನು ಬರೆದ ಹೊತ್ತುಗಳು. ಹೇಳಿದ್ದರೆ ನನ್ನ ಹಾಳೆ ಕೆಲಸಕ್ಕೆ ಬಾರದ್ದು ಎಂದು ಅಲ್ಲೇ, ಅದು ಕೈಯಲ್ಲಿರುವಾಗಲೇ, ಒಪ್ಪಬೇಕಿತ್ತು. ಮುಕಾದಮರು ನನ್ನ ಹಿಂದಿಯನ್ನೂ ಕೇಳಿಸಿಕೊಂಡರು. ನನ್ನ ಮುಖ ನೋಡಿದರು. ನಾನು ಬಿಟ್ಟದ್ದನ್ನು ಅವರೇ ಹಿಂದಿಯಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. "ಆತ್ರಿ" ಎಂದು ನನಗೂ, "ಠೀಕ್ ಹೈ ಸಾಬ್" ಎಂದು ಅವರಿಗೂ ಹೇಳಿ ಹೊರಗೆ ಹೋಗಿ ಚಪ್ಪಲಿ ಹಾಕಿಕೊಂಡರು. ಶನಿವಾರ ಕೊನೆಯ ದಿನ ಎಂಬ ಪತ್ರವನ್ನು ಮೂಲೆಯ ಮೇಜಿನಲ್ಲಿ ಟೈಪ್ ಮಾಡಲಾಯಿತು.

ಟೈಪಿಸ್ಟ್ ಹುಡುಗಿ ಡೊಂಬಿವಲಿಯವಳೇ. ಅಲ್ಲೇ ಹುಟ್ಟಿದವಳು. ಆಫೀಸಿನಲ್ಲಿ ಮರಾಠಿ, ಇಲ್ಲವಾದರೆ ಹಿಂದಿ. ಮರುದಿನ ಸಂಜೆ ಬಸ್‌ಸ್ಟಾಪಿನಲ್ಲಿ ನನ್ನ ಪಕ್ಕಕ್ಕೆ ಬಂದು ನಿಂತಳು. "ಅಣ್ಣಾ" ಎಂದಳು. ಆ ಶಬ್ದಕ್ಕೆ ನಾನು ತಿರುಗಿದೆ. ಮುಂದಿನದ್ದೆಲ್ಲ ಹಿಂದಿಯಲ್ಲಿ.

"ಆ ಮುಕಾದಮ್ ಚಾಚಾ ನಾಲ್ಕು ಗಂಟೆಯ ಗಾಡಿಗಳ ವಿಷಯ ಹೇಳಿದರಲ್ಲ, ಅದನ್ನು ನೀವು ಸಾಹೇಬರಿಗೆ ಹೇಳಲೇ ಇಲ್ಲ."

"ನಿನಗೆ ಕನ್ನಡ ಬರುತ್ತದಾ?"

"ಮನೆಯಲ್ಲಿ ಅಮ್ಮ ಕನ್ನಡದಲ್ಲೇ ಬೈಯುವುದು. ತಿಳಿಯುತ್ತದೆ. ನಾನು ಮಾತಾಡಿದರೆ ಎಲ್ಲರೂ ನಗುತ್ತಾರೆ, ಅದಕ್ಕೆ ಮಾತಾಡುವುದಿಲ್ಲ." ಆಮೇಲೆ, "ಪತ್ರ ನಾನೇ ಟೈಪ್ ಮಾಡಿದ್ದು. ಎರಡು ಸಲ ತಪ್ಪಾಯಿತು" ಎಂದಳು.

ಬಸ್ ಬಂತು. ಒಂದನೇ ಟೋಳಿಯವರು ನಮಗಿಂತ ಮೊದಲು ಹತ್ತಿದರು.

ಶುಕ್ರವಾರ ಸಂಜೆ ತರಗತಿ ಇತ್ತು. ಮೇಡಂ ಬಂದಿದ್ದರು. ನನ್ನ ಹಾಳೆಯನ್ನು ಕನ್ನಡಕ ಏರಿಸಿ ನೋಡಿದರು. ಆರ್-ಸ್ಕ್ವೇರ್ ಎಂಬ ಅಂಕಿಯ ಮೇಲೆ ಪೆನ್ಸಿಲಿನಿಂದ ತಟ್ಟಿದರು. ಸೊನ್ನೆ ಪಾಯಿಂಟ್ ಮೂರು ಒಂದು. "ಲಾರಿಯಿಂದ ಲಾರಿಗೆ ಒಡಕು ಏರುಪೇರಾಗುತ್ತದಲ್ಲ, ಅದರಲ್ಲಿ ನೂರಕ್ಕೆ ಮೂವತ್ತೊಂದು ಪಾಲಿಗೆ ಮಾತ್ರ ಈ ನಾಲ್ಕು ಸಾಲು ಲೆಕ್ಕ ಕೊಡುತ್ತವೆ. ಉಳಿದದ್ದು ಎಲ್ಲಿದೆ ಎಂದು ಹುಡುಕಿದೆಯಾ?"

"ಹೊತ್ತಿನ ಕಾಲಂ ಬಿಟ್ಟಿದ್ದೆ ಮೇಡಂ."

"ಯಾಕೆ ಬಿಟ್ಟೆ?"

"ಕರಪತ್ರದಲ್ಲಿ ನಾಲ್ಕೇ ಸಾಲು ಇತ್ತು."

ಅವರು ಬೈಯಲಿಲ್ಲ. "ನಾಲ್ಕು ಸಾಲು ಹಾಕಿದ್ದು ಒಂದು ಪುಟದಲ್ಲಿ ಹಿಡಿಯಲಿ ಎಂದು" ಅಂದರು.

ನಾಲ್ಕರ ನಂತರ ಬಂದ ಲಾರಿಗೆ ಒಂದು, ಮೊದಲು ಬಂದದ್ದಕ್ಕೆ ಸೊನ್ನೆ ಎಂದು ಐದನೇ ಸಾಲು ಸೇರಿಸಿದೆವು. ಪ್ರಿಂಟರ್ ಕಿರುಗುಟ್ಟುತ್ತ ಹಾಳೆಯನ್ನು ಹೊರಗೆ ತಳ್ಳಿತು. ನಾಲ್ಕರ ನಂತರದ ಲಾರಿ: ಐದು ಪಾಯಿಂಟ್ ಎರಡು, ಪಿ ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ ಮೂರು. ಮೂರನೇ ಟೋಳಿಯ ಗುಣಾಂಕ ನಾಲ್ಕು ಪಾಯಿಂಟ್ ಒಂದರಿಂದ ಸೊನ್ನೆ ಪಾಯಿಂಟ್ ಒಂಬತ್ತಕ್ಕೆ ಇಳಿದಿತ್ತು. ಅದರ ದೋಷದ ಅಂಕಿ ಒಂದು ಪಾಯಿಂಟ್ ಏಳು ಐದಕ್ಕೆ ಏರಿತ್ತು. ಪಿ ಸೊನ್ನೆ ಪಾಯಿಂಟ್ ಆರು ಒಂದು.

"ಹಾಗಾದರೆ ಅವರು ಒಡೆದಿಲ್ಲ" ಎಂದೆ. ನನ್ನ ದನಿ ಎತ್ತರವಾಗಿತ್ತು, ನನಗೇ ಕೇಳಿಸಿತು.

"ಮತ್ತೆ ಅದೇ ತಪ್ಪು ಮಾಡುತ್ತಿದ್ದೀ" ಎಂದರು ಮೇಡಂ. "ಪಿ ದೊಡ್ಡದಾದರೆ ವ್ಯತ್ಯಾಸ ಇಲ್ಲ ಎಂದು ಸಾಬೀತಾಗುವುದಿಲ್ಲ. ಇದೆ ಎನ್ನಲು ಈ ಅಂಕಿಗಳಲ್ಲಿ ಸಾಕಷ್ಟು ಆಧಾರ ಇಲ್ಲ ಎಂದಷ್ಟೇ. ಎರಡು ಸೀಸೆ ಕಡಿಮೆಯೂ ಇರಬಹುದು, ನಾಲ್ಕು ಹೆಚ್ಚೂ ಇರಬಹುದು. ಸಂಜೆಯ ಲಾರಿ ಎಂದರೆ ಹೆಚ್ಚುಕಡಿಮೆ ಮೂರನೇ ಟೋಳಿ, ಹೌದಲ್ಲ? ಇವೆರಡೂ ಅವಳಿ ಮಕ್ಕಳ ಹಾಗೆ. ಯಾವಾಗಲೂ ಜೊತೆಗೇ ಬಂದರೆ ಯಾರ ಕಾಲಿನ ಕೆಸರು ಎಂದು ಹೇಗೆ ಹೇಳುತ್ತೀ? ಬೇರೆ ಟೋಳಿಗಳಿಗೆ ಕೆಲವು ವಾರ ಸಂಜೆಯ ಲಾರಿ ಕೊಡಿ. ಇವರಿಗೆ ಬೆಳಗಿನದು ಕೊಡಿ. ಆಮೇಲೆ ಎಣಿಸಿ. ಈ ಕಾಗದದಿಂದ ಇನ್ನೇನೂ ಬರುವುದಿಲ್ಲ."

ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ನಾನು ಮ್ಯಾನೇಜರರ ಕೋಣೆಯಲ್ಲಿದ್ದೆ. ಈ ಸಲ ಎಲ್ಲವನ್ನೂ ಹೇಳಿದೆ. ಬುಧವಾರ ಮುಕಾದಮರು ಹೇಳಿದ್ದನ್ನೂ, ನಾನು ಅದನ್ನು ಹಿಂದಿಗೆ ತರದೆ ಬಿಟ್ಟದ್ದನ್ನೂ. ಟೈಪಿಸ್ಟ್ ಹುಡುಗಿ ಟೈಪ್ ಮಾಡುವುದನ್ನು ನಿಲ್ಲಿಸಿದಳು. ಮ್ಯಾನೇಜರ್ ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ನೋಡಿದರು. ಅವರು ದಡ್ಡರಾಗಿರಲಿಲ್ಲ. ಕೆಟ್ಟವರೂ ಆಗಿರಲಿಲ್ಲ.

"ಈ ಹೊಸ ಕಾಗದ, ಅವರು ಒಡೆದಿಲ್ಲ ಎಂದು ಸಾಬೀತು ಮಾಡುತ್ತದಾ?"

"ಇಲ್ಲ ಸರ್."

"ಹಳೆಯದು, ಒಡೆದರು ಎಂದು?"

"ಅದೂ ಇಲ್ಲ ಸರ್."

"ಅರೆ ಬಾಬಾ, ಎರಡೂ ಏನೂ ಹೇಳುವುದಿಲ್ಲ ಎಂದರೆ ಟೈಪ್ ಆದ ಪತ್ರ ಯಾಕೆ ಹರಿಯಲಿ?"

"ಕೆಲವು ವಾರ ಟೋಳಿಗಳನ್ನು ಬದಲಿಸಿ ನೋಡೋಣ ಸರ್. ಆಮೇಲೆ..."

"ಲೋಕಲ್ ಹಿಡಿಯುವವರನ್ನು ನೀನು ನಿಲ್ಲಿಸುತ್ತೀಯಾ ಆರು ಗಂಟೆಯವರೆಗೆ?" ಎಂದರು. "ಸೋಮವಾರ ಗುತ್ತಿಗೆಯವರು ಬರುತ್ತಾರೆ. ಮೇಲಿನವರಿಗೆ ನಿನ್ನ ಮೊದಲನೇ ಕಾಗದದ ಜೆರಾಕ್ಸ್ ಕಳುಹಿಸಿ ಆಗಿದೆ. ಅವರಿಗೆ ಬಹಳ ಹಿಡಿಸಿತು."

ಅವರ ಮಾತಿನಲ್ಲಿ ತಪ್ಪು ಎಲ್ಲಿದೆ ಎಂದು ನನಗೆ ಆಗ ಹೇಳಲಾಗಲಿಲ್ಲ. ಈಗ ಹೇಳಬಲ್ಲೆ. ಏನೂ ತಿಳಿಯದಿದ್ದಾಗ ಹನ್ನೊಂದು ಜನರನ್ನು ತೆಗೆಯುವುದೂ ಇಟ್ಟುಕೊಳ್ಳುವುದೂ ಸಮ ಅಲ್ಲ. ಇದು ಯಾವ ಹಾಳೆಯಲ್ಲೂ ಇರಲಿಲ್ಲ. ಅದನ್ನು ಹೇಳಲು ಹಾಳೆ ಬೇಕಿರಲಿಲ್ಲ.

ಆ ಶನಿವಾರ ಐದೂಕಾಲಿಗೆ ಘಟ್ಟದ ಕಡೆಯಿಂದ ಒಂದು ಲಾರಿ ಬಂತು. ನಾನು ಬಸ್ಸಿಗೆ ಹೋಗದೆ ಕೆಳಗೆ ನಿಂತು ನೋಡಿದೆ. ಹನ್ನೊಂದು ಜನರೂ ಇಳಿಸಿದರು. ಪ್ರತಿ ಪೆಟ್ಟಿಗೆಯೂ ಕೈಯಿಂದ ಕೈಗೆ ಹೋಯಿತು, ನೆಲಕ್ಕೆ ಮುಟ್ಟಿದ್ದು ಕೊನೆಯವನ ಕೈಯಿಂದ ಮಾತ್ರ. ಒಂದೂ ಬೀಳಲಿಲ್ಲ. ಇದೂ ಏನನ್ನೂ ಸಾಬೀತು ಮಾಡುವುದಿಲ್ಲ, ಒಂದೇ ಲಾರಿ. ಮುಕಾದಮರು ಒಂದು ಪೆಟ್ಟಿಗೆಯನ್ನು ನನ್ನ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಓರೆ ಮಾಡಿದರು. ಒಳಗೆ ಒಡೆದ ಗಾಜು ಜಾರಿದ ಸದ್ದು ಕೇಳಿಸಿತು.

"ಕೇಳ್ತ್ರಿ?"

"ಕೇಳಿತು."

"ಇದನ್ನ ನಿಮ್ಮ ಮಿಶನ್ನಿಗಿ ಹಾಕ್ಲಾಕ ಬರಂಗಿಲ್ಲೇನ್ರಿ?" ಎಂದರು. ಅವರ ಹುಡುಗರಲ್ಲಿ ಒಬ್ಬ ನಕ್ಕ. ಉಳಿದವರು ನಗಲಿಲ್ಲ. ನಾನು ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅವರು, "ಸ್ವಲ್ಪ ಸರೀರಿ, ಪೆಟಿಗಿ ಹಾದಿಯೊಳಗ ನಿಂತೀರಿ" ಎಂದರು. ನಾನು ಸರಿದು ನಿಂತೆ.

ಸೋಮವಾರದಿಂದ ಸಂಜೆಯ ಲಾರಿಗಳನ್ನು ಹೊಸಬರು ಇಳಿಸಿದರು. ಅವರ ಕಾಲದಲ್ಲಿ ಎಷ್ಟು ಸೀಸೆ ಒಡೆದವು ಎಂಬುದು ಗೇಟಿನ ರಿಜಿಸ್ಟರಿನಲ್ಲಿ ಇತ್ತು. ಮೇಡಂ ಹೇಳಿದ ಪರೀಕ್ಷೆಯೇ ಒಂದು ರೀತಿಯಲ್ಲಿ ತಾನಾಗಿ ನಡೆಯುತ್ತಿತ್ತು. ರಿಜಿಸ್ಟರ್ ನನ್ನ ಮೇಜಿನಿಂದ ಎಂಟು ಹೆಜ್ಜೆ ದೂರದಲ್ಲಿತ್ತು. ನಾನು ಆ ಕೆಲಸದಲ್ಲಿ ಇನ್ನೂ ಹದಿನಾಲ್ಕು ತಿಂಗಳು ಇದ್ದೆ. ಒಂದು ದಿನವೂ ಆ ಪುಟಗಳನ್ನು ಕೂಡಿ ನೋಡಲಿಲ್ಲ. ಹಾಗಾಗಿ ಮೂರನೇ ಟೋಳಿ ಹೆಚ್ಚು ಒಡೆಯುತ್ತಿತ್ತೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡಿ, ನಾನು ಹೇಳಿದರೂ.

ಸರ್ಟಿಫಿಕೇಟ್ ಬಂತು. ಮುಂದೆ ಅದರಿಂದಲೇ ನನಗೆ ಬೇರೆ ಕೆಲಸವೂ ಸಿಕ್ಕಿತು.

ಆ ಬುಧವಾರ ಆ ಕೋಣೆಯಲ್ಲಿದ್ದ ನಾಲ್ವರಲ್ಲಿ ಮ್ಯಾನೇಜರ್ ತೀರಿಕೊಂಡು ಬಹಳ ವರ್ಷಗಳಾದವು. ಮುಕಾದಮರು ಊರಿಗೆ ಹೋದಾಗ ತೀರಿಕೊಂಡರು ಎಂದು ಅವರ ಟೋಳಿಯ ಒಬ್ಬರು ಠಾಣೆ ಸ್ಟೇಷನ್ ಪಕ್ಕದಲ್ಲಿ ಸಿಕ್ಕಾಗ ಹೇಳಿದರು. ಯಾವ ವರ್ಷ ಎಂದು ಅವರಿಗೆ ನೆನಪಿರಲಿಲ್ಲ. ಉಳಿದವರು ಇಬ್ಬರು. ಒಬ್ಬನು ಇದನ್ನು ಬರೆದವನು. ಇನ್ನೊಬ್ಬಳು ಮೂಲೆಯ ಮೇಜಿನಲ್ಲಿ ಕುಳಿತು ಎರಡೂ ಭಾಷೆಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡವಳು. ಅವಳು ಈಗ ಕಲ್ಯಾಣದಲ್ಲಿದ್ದಾಳೆ, ಮೊಮ್ಮಗಳಿದ್ದಾಳೆ. ಬರೆದದ್ದನ್ನು ಫೋನಿನಲ್ಲಿ ಅವಳಿಗೆ ಓದಿ ಹೇಳಿದೆ. ಪತ್ರ ಟೈಪ್ ಮಾಡುವಾಗ ತಪ್ಪಾದದ್ದು ಎರಡು ಸಲ ಅಲ್ಲ, ಮೂರು ಸಲ ಎಂದಳು. ಉಳಿದದ್ದೆಲ್ಲ ಸರಿ ಇದೆ ಎಂದಳು.